ನೆಟ್ಟಣದ ಒಂದು ನಕ್ಷತ್ರ

ವೀಕ್ಷಕರೇ, ಇವತ್ತು ತಪ್ಪು ನನ್ನದೇ. ಸುಬ್ರಹ್ಮಣ್ಯ ರೋಡ್ ರೈಲ್ವೆ ಸ್ಟೇಷನ್ ಇರೋದು ನೆಟ್ಟಣದಲ್ಲಿ. ಒಮ್ಮೆ ಬೆಳಗಿನ ಜಾವ ಅಲ್ಲಿ ಇಳಿದೆ. ಹತ್ತಿರದ ಪುಟ್ಟ ಹೋಟೆಲಲ್ಲಿ ಚಹಾ ತಡವಾಯ್ತು ಅಂತ ಸಿಟ್ಟಲ್ಲಿ ಗೂಗಲ್ ಮ್ಯಾಪ್ಸ್‌ನಲ್ಲಿ ಒಂದೇ ನಕ್ಷತ್ರ ಕೊಟ್ಟು, ‘ಯಾರೂ ಬರಬೇಡಿ’ ಅಂತ ಬರೆದೆ.

ಅಲ್ಲಿದ್ದದ್ದು ನಾಲ್ಕೇ ರಿವ್ಯೂ, ಎಲ್ಲದಕ್ಕೂ ಐದೈದು ನಕ್ಷತ್ರ. ನನ್ನದು ಸೇರಿ ಸರಾಸರಿ 5ರಿಂದ 4.2ಕ್ಕೆ ಬಿತ್ತು. ಎಂಜಿನಿಯರಿಂಗ್ ಓದಿದವನಿಗೆ ಈ ಲೆಕ್ಕ ಆಗಲೇ ಹೊಳೆಯಬೇಕಿತ್ತು. ಅಂಥ 400 ರಿವ್ಯೂ ಇದ್ದಿದ್ದರೆ ನನ್ನ ಸಿಟ್ಟಿಗೆ ಅದು 4.99 ಆಗ್ತಿತ್ತು, ಅಷ್ಟೇ.

ಒಂದು ಗಂಟೆಯ ಚಹಾಕ್ಕೆ ವರ್ಷಗಟ್ಟಲೆ ಶಿಕ್ಷೆ! ಮೊನ್ನೆ ಅಳಿಸಿದೆ. ಬರೆದ ಖಾತೆಯಲ್ಲೇ ಮ್ಯಾಪ್ಸ್ ತೆರೆದು Contribute ಒತ್ತಿ, ಪ್ರೊಫೈಲ್‌ಗೆ ಹೋಗಿ, ರಿವ್ಯೂ ಪಕ್ಕದ ಮೂರು ಚುಕ್ಕೆಯಲ್ಲಿ Delete review. ಮಾತು, ನಕ್ಷತ್ರ ಎರಡೂ ಹೋಗುತ್ತವೆ. ತಿದ್ದಿದರೆ ಸಾಕೆನಿಸಿದರೆ Edit review. ಆ ಖಾತೆಗೆ ಲಾಗಿನ್ ಆಗೋಕೆ ಆಗದಿದ್ದರೆ ಎರಡೂ ಆಗಲ್ಲ. ಯಾರೋ ತೆಗೆದಿಟ್ಟ ಸ್ಕ್ರೀನ್‌ಶಾಟ್ ಅಂತೂ ಉಳಿಯುತ್ತೆ.