ಪುಣ್ಯಕೋಟಿ ನಮ್ಮ ಶಾಲೆಗೆ ಬಂದರೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಮಕ್ಕಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳಿಗೆ ಪ್ರಾಮಾಣಿಕತೆಯ ಮೇಲೆ ಒಂದು ಕಥೆ ಹೇಳಿ ಎಂದು ಸಮಿತಿಯವರು ನನಗೆ ಒಪ್ಪಿಸಿದ್ದಾರೆ. ಕನ್ನಡ ಮೇಷ್ಟ್ರಿಗೆ ಆ ವಿಷಯ ಕೊಟ್ಟರೆ ಮೊದಲು ನೆನಪಾಗುವುದು ಗೋವಿನ ಹಾಡು. ಇಲ್ಲಿ ಕೂತಿರುವ ಅಜ್ಜಂದಿರಿಗೂ ಅದು ಬಾಯಿಪಾಠ, ಮೊಮ್ಮಕ್ಕಳಿಗೂ ಗೊತ್ತು. ಆದ್ದರಿಂದ ಹಾಡನ್ನೇ ಮತ್ತೆ ಹೇಳುವುದಿಲ್ಲ. ಪುಣ್ಯಕೋಟಿ ಇವತ್ತಿನ ಒಂದು ಶಾಲೆಗೆ ಬಂದರೆ ಹೇಗಿರುತ್ತಾಳೆ ಎಂದು ನಾನು ಕಟ್ಟಿ ತರಗತಿಯಲ್ಲಿ ಹೇಳಿದ ಕಥೆಯೊಂದನ್ನು ಹೇಳುತ್ತೇನೆ.

ಹಳೆಯ ಕಥೆಯನ್ನು ಹೊಸ ಕಾಲಕ್ಕೆ ತರುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್. ಎಲ್. ಭೈರಪ್ಪನವರು ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯಲ್ಲಿ ಇದೇ ಪುಣ್ಯಕೋಟಿಯನ್ನು ಅಮೆರಿಕದಿಂದ ಓದಿ ಬಂದ ಹುಡುಗನ ಮನೆಯ ಹಟ್ಟಿಗೆ ತಂದರು. 1977ರಲ್ಲಿ ಅದು ಸಿನಿಮಾ ಕೂಡ ಆಯಿತು. ಅದು ದೊಡ್ಡವರ ಕಥೆ. ನನ್ನದು ಎಂಟನೇ ತರಗತಿಯ ಮಕ್ಕಳಿಗೆ.

ಕಥೆ ಕಟ್ಟುವ ಮೊದಲು ಹಾಡಿನಲ್ಲಿ ಏನಿದೆ ಎಂದು ನೋಡಿಕೊಂಡೆ. ಪುಣ್ಯಕೋಟಿ ಕದ್ದಿಲ್ಲ, ಸುಳ್ಳು ಹೇಳಿಲ್ಲ. ಅವಳು ಒಂದು ಮಾತು ಕೊಟ್ಟಳು, ಅಷ್ಟೆ. ಮಾತು ಕೊಟ್ಟ ಮೇಲೆ ದೊಡ್ಡಿ ಸೇರಿದಳು. ಅಲ್ಲಿಗೆ ಹುಲಿ ಬರುವಂತಿಲ್ಲ. ಅಂದರೆ ತಪ್ಪಿಸಿಕೊಂಡಾಗಿತ್ತು. ಹೋಗಬೇಡ ಅನ್ನುವ ಕರು ಇತ್ತು. ಹೋದರೆ ಪ್ರಾಣ ಹೋಗುತ್ತಿತ್ತು. ಈ ಮೂರೂ ಇದ್ದದ್ದರಿಂದಲೇ ಅವಳು ವಾಪಸ್ ನಡೆದದ್ದು ದೊಡ್ಡದಾಗಿ ಕಾಣುತ್ತದೆ. ಹೊಸ ಕಥೆಯಲ್ಲೂ ಈ ಮೂರು ಬೇಕು: ತಪ್ಪಿಸಿಕೊಳ್ಳುವ ದಾರಿ, ಎಳೆದು ನಿಲ್ಲಿಸುವ ಪ್ರೀತಿ, ತೆರಬೇಕಾದ ಬೆಲೆ. ಈಗ ಕಥೆ ಕೇಳಿ.

ಅರಸೀಕೆರೆಯ ಒಂದು ಶಾಲೆಯಲ್ಲಿ ಪ್ರತಿಭಾ ಕಾರಂಜಿ ನಡೆಯುತ್ತಿತ್ತು. ಗಂಡಸಿ, ಬಾಣಾವರ, ಕಣಕಟ್ಟೆ, ಜಾವಗಲ್, ಎಲ್ಲ ಕಡೆಯ ಮಕ್ಕಳೂ ಬಂದಿದ್ದರು. ಊರಿನ ಇನ್ನೊಂದು ಶಾಲೆಯಿಂದ ಗಂಗೆ ಬಂದಿದ್ದಳು. ಜೊತೆಗೆ ಎರಡನೇ ತರಗತಿಯ ತಮ್ಮ ಪುಟ್ಟ. ಅವರಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಮಾರುತ್ತಿದ್ದಳು.

ಮಕ್ಕಳು ವೇಷ ಬದಲಿಸಲಿ ಎಂದು ವಿಜ್ಞಾನದ ಕೊಠಡಿ ತೆಗೆದುಕೊಟ್ಟಿದ್ದರು. ಗಂಗೆ ನಾಟಕದ ಸೀರೆ ಬಿಚ್ಚಿ ಮಡಿಸುವಾಗ ಸೆರಗು ಮೇಜಿನ ಮೇಲಿದ್ದ ಸೂಕ್ಷ್ಮದರ್ಶಕಕ್ಕೆ ಸಿಕ್ಕಿಕೊಂಡಿತು. ಎಳೆದಳು. ಅದು ಕೆಳಗೆ ಬಿದ್ದು ಒಡೆಯಿತು.

ಸದ್ದು ಕೇಳಿ ವಿಜ್ಞಾನದ ಮೇಷ್ಟ್ರು ಬಂದರು. ಕಣ್ಣು ಕೆಂಪಾಗಿತ್ತು.

“ಯಾರು ಒಡೆದದ್ದು?”

“ನಾನು ಸಾರ್.”

“ಹೆಡ್‌ಮಾಸ್ಟರ್ ಬರೋವರೆಗೂ ಇಲ್ಲೇ ನಿಂತಿರು.”

“ಸಾರ್, ತಮ್ಮ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹೊರಗೆ ಅಳ್ತಿದಾನೆ. ಅಮ್ಮನ ಹತ್ರ ಬಿಟ್ಟು ಬಂದುಬಿಡ್ತೀನಿ.”

ಮೇಷ್ಟ್ರು ನಕ್ಕರು. “ಹೀಗೆ ಹೇಳಿ ಹೋದವರು ಎಷ್ಟು ಜನ ವಾಪಸ್ ಬಂದಿದಾರೆ, ನನಗೆ ಗೊತ್ತಿಲ್ವಾ?”

“ಬರ್ತೀನಿ ಸಾರ್.” ಅವಳು ಅಷ್ಟೇ ಅಂದಳು.

ಹೊರಗೆ ಪುಟ್ಟ ಇನ್ನೂ ಜೋರಾಗಿ ಅತ್ತ. ಅಷ್ಟರಲ್ಲಿ ಮೈಕಿನಲ್ಲಿ ಮೇಷ್ಟ್ರನ್ನು ಕರೆದರು. “ಹೋಗು” ಅಂದುಬಿಟ್ಟರು. ಹೆಸರು ಕೇಳಲಿಲ್ಲ, ಶಾಲೆ ಕೇಳಲಿಲ್ಲ.

ದಾರಿಯಲ್ಲಿ ಗೆಳತಿಯರು ಸಿಕ್ಕರು. “ನಿನ್ನ ಹೆಸರೇ ಅವರಿಗೆ ಗೊತ್ತಿಲ್ಲ ಕಣೇ. ಸುಮ್ನೆ ಮನೆಗೆ ಹೋಗು” ಅಂದರು. ಅಮ್ಮ ಪುಟ್ಟನ ಕೈಗೆ ಬನ್ನು ಕೊಟ್ಟು ಎಲ್ಲ ಕೇಳಿಸಿಕೊಂಡಳು. “ಅದಕ್ಕೆ ಸಾವಿರಗಟ್ಟಲೆ ಆಗುತ್ತೇನೋ ಮಗಾ. ಎಲ್ಲಿಂದ ತರೋಣ?” ಅಂದಳು. ಪುಟ್ಟ ಅಕ್ಕನ ಲಂಗ ಹಿಡಿದುಕೊಂಡು ಬಿಡಲಿಲ್ಲ.

“ಬರ್ತೀನಿ ಅಂತ ಹೇಳಿದೀನಿ ಅಮ್ಮ” ಅಂದಳು ಗಂಗೆ. ಪುಟ್ಟನ ಬೆರಳು ಒಂದೊಂದಾಗಿ ಬಿಡಿಸಿ ಅಮ್ಮನ ಮಡಿಲಲ್ಲಿ ಕೂರಿಸಿ, ಒಬ್ಬಳೇ ಹೊರಟಳು.

ಶಾಲೆಗೆ ಬರುವಾಗ ಶಾಮಿಯಾನ ಬಿಚ್ಚುತ್ತಿದ್ದರು. ವಿಜ್ಞಾನದ ಕೊಠಡಿಯಲ್ಲಿ ಮೇಷ್ಟ್ರು ಒಬ್ಬರೇ ದಾಸ್ತಾನು ಪುಸ್ತಕ ತೆಗೆದು ಕೂತಿದ್ದರು. ಸರ್ಕಾರಿ ವಸ್ತು ಒಡೆದರೆ ಅದರಲ್ಲಿ ಬರೆಯಬೇಕು. ಯಾರು ಒಡೆದರು ಎಂದು ತಿಳಿಯದಿದ್ದರೆ ಕೊಠಡಿಯ ಉಸ್ತುವಾರಿ ಇದ್ದವರೇ ಉತ್ತರ ಹೇಳಬೇಕು. ಪೆನ್ನಿನ ಮುಚ್ಚಳ ತೆಗೆದಿದ್ದರು, ಬರೆದಿರಲಿಲ್ಲ.

“ಬರಕೊಳ್ಳಿ ಸಾರ್. ಗಂಗೆ, ಎಂಟನೇ ಕ್ಲಾಸು” ಎಂದು ಬಾಗಿಲಲ್ಲಿ ನಿಂತು ತನ್ನ ಶಾಲೆಯ ಹೆಸರನ್ನೂ ಹೇಳಿದಳು.

ಮೇಷ್ಟ್ರು ತಲೆಯೆತ್ತಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೀಗೆ ಬರೆದರು: ‘ಆಕಸ್ಮಿಕವಾಗಿ ಬಿದ್ದು ಒಡೆದಿದೆ. ಒಡೆದ ವಿದ್ಯಾರ್ಥಿನಿಯೇ ಬಂದು ತಿಳಿಸಿದ್ದಾಳೆ.’ ಕೆಳಗೆ ತಮ್ಮ ಸಹಿ ಹಾಕಿದರು. “ನಾಲ್ಕು ಶನಿವಾರ ಬಂದು ಈ ಕೊಠಡಿಯ ಗಾಜಿನ ಸಾಮಾನೆಲ್ಲ ಒರೆಸಿಡಬೇಕು, ಆಗುತ್ತಾ?” ಅಂದರು.

“ಆಗುತ್ತೆ ಸಾರ್.”

ಕಥೆ ಇಲ್ಲಿಗೆ ಮುಗಿಯಿತು.

ಮಕ್ಕಳಿಗೆ ಹೇಳಿದಾಗ ಮೂರು ಪ್ರಶ್ನೆ ಬಂದವು. ಮೂರೂ ಒಳ್ಳೆಯವು.

ಒಬ್ಬ ಹುಡುಗ, “ಗಂಗೆಗೆ ಬಹುಮಾನ ಕೊಡಲಿಲ್ವಾ ಸಾರ್?” ಅಂದ. ಇಂಥ ಕಥೆಗಳ ಕೊನೆಯಲ್ಲಿ ಸಾಮಾನ್ಯವಾಗಿ ಚಪ್ಪಾಳೆ, ಪದಕ, ಪ್ರಾರ್ಥನೆಯ ವೇಳೆ ಹೊಗಳಿಕೆ ಇರುತ್ತವೆ. ಪದಕ ಕೊಟ್ಟರೆ ಮಗು ಕಲಿಯುವುದು ಲೆಕ್ಕಾಚಾರವನ್ನು: ನಿಜ ಹೇಳಿದರೆ ಲಾಭವಿದೆ ಎಂದು. ಹಾಗಾದರೆ ಲಾಭವಿಲ್ಲದ ದಿನ? ಪುಣ್ಯಕೋಟಿಗೆ ಯಾರೂ ಹಾರ ಹಾಕಲಿಲ್ಲ. ಅವಳಿಗೆ ಸಿಕ್ಕಿದ್ದು ತನ್ನ ಕರುವಿನ ಹತ್ತಿರ ವಾಪಸ್ ಹೋಗುವ ದಾರಿ, ಅಷ್ಟೆ. ಗಂಗೆಗೂ ಅಷ್ಟೇ ಸಾಕು.

ಒಬ್ಬಳು ಹುಡುಗಿ, “ಹಾಡಿನಲ್ಲಿ ಹುಲಿ ಸಾಯುತ್ತಲ್ಲ, ಇಲ್ಲಿ ಯಾರು ಸತ್ತರು?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಆದರೆ ಕಥೆಯ ಕಷ್ಟದ ಜಾಗ ಅದೇ. ಮೇಷ್ಟ್ರನ್ನೇ ಹುಲಿ ಮಾಡಿ ಅವರಿಗೆ ಅವಮಾನ ಮಾಡಿದರೆ ಮಕ್ಕಳಿಗೆ ಖುಷಿಯಾಗುತ್ತದೆ, ಕಥೆ ಕೆಡುತ್ತದೆ. ಹಾಡಿನ ಹುಲಿ ತನ್ನ ಮೇಲೆ ತಾನೇ ನಾಚಿ ಪ್ರಾಣ ಬಿಟ್ಟಿತು, ಯಾರೂ ಅದನ್ನು ಕೊಲ್ಲಲಿಲ್ಲ. ನಮ್ಮ ಕಥೆಯಲ್ಲಿ ಸತ್ತದ್ದು ‘ಯಾರೂ ವಾಪಸ್ ಬರುವುದಿಲ್ಲ’ ಎಂಬ ಮೇಷ್ಟ್ರ ನಂಬಿಕೆ. ಅವರು ಬಹಳ ಹೊತ್ತು ಸುಮ್ಮನಿದ್ದರಲ್ಲ, ಆಗ.

ಮೂರನೆಯದನ್ನು ಹಿಂದಿನ ಬೆಂಚಿನ ಹುಡುಗ ಕೇಳಿದ: “ಅವಳು ಬರದೇ ಇದ್ದಿದ್ದರೆ ಏನಾಗ್ತಿತ್ತು ಸಾರ್? ಯಾರಿಗೂ ಗೊತ್ತೇ ಆಗ್ತಿರಲಿಲ್ಲ.” ನಾನು ದಾಸ್ತಾನು ಪುಸ್ತಕವನ್ನು ನೆನಪಿಸಿದೆ. ಅವಳನ್ನು ನಂಬಿ ಕಳಿಸಿದವರ ಹೆಸರಿನ ಮೇಲೆ ಆ ಒಡೆದ ವಸ್ತು ಉಳಿಯುತ್ತಿತ್ತು. ಮುಂದೆ ಅಳುವ ತಮ್ಮನನ್ನು ತೋರಿಸಿ ಇನ್ನೊಬ್ಬ ಹುಡುಗಿ ಕೇಳಿಕೊಂಡರೆ ಆ ಮೇಷ್ಟ್ರು ಬಿಡುತ್ತಿರಲಿಲ್ಲ. ಮುರಿದ ಮಾತಿನ ಬೆಲೆಯನ್ನು ಯಾವಾಗಲೂ ಇನ್ಯಾರೋ ತೆರುತ್ತಾರೆ, ಬಹಳ ಸಲ ಅವರು ಯಾರೆಂದು ನಮಗೆ ಕಾಣುವುದೂ ಇಲ್ಲ.

ಆ ಹುಡುಗ ಸ್ವಲ್ಪ ಯೋಚಿಸಿ, “ಹಂಗಾದ್ರೆ ಅವಳು ಬಂದಿದ್ದು ಮೇಷ್ಟ್ರಿಗೋಸ್ಕರ” ಅಂದ. ಇನ್ನೊಬ್ಬಳು, “ಇಲ್ಲ, ಪುಟ್ಟನಿಗೋಸ್ಕರ. ಅವನು ನೋಡ್ತಿದ್ನಲ್ಲ” ಅಂದಳು. ಗಂಟೆ ಹೊಡೆಯುವವರೆಗೂ ವಾದ ನಡೆಯಿತು. ನಾನು ತೀರ್ಪು ಕೊಡಲಿಲ್ಲ. ಇಲ್ಲಿರುವ ಮಕ್ಕಳೇ, ನೀವೂ ಮನೆಗೆ ಹೋಗಿ ಅಜ್ಜ ಅಜ್ಜಿಯರ ಹತ್ತಿರ ಆ ವಾದ ಮುಂದುವರಿಸಿ. ಅವರಿಗೆ ಹಾಡು ಪೂರ್ತಿ ಬರುತ್ತದೆ, ಹೇಳಿಸಿಕೊಳ್ಳಿ.