ಖಾತೆ ಪುಸ್ತಕದಿಂದ ಟ್ಯಾಲಿಗೆ: ವ್ಯತ್ಯಾಸ ಸೊನ್ನೆ ಆದ ಮೇಲೂ ಉಳಿಯುವ ತಪ್ಪು

ನಿಮ್ಮಲ್ಲಿ ಸುಮಾರು ಜನ ಆಫೀಸಿನಲ್ಲಿ ಡೇಟಾ ಮೈಗ್ರೇಷನ್ ಮಾಡಿದವರೇ. ಹಳೆ ಸರ್ವರಿನಿಂದ ಹೊಸ ಸರ್ವರಿಗೆ ಅಂದರೆ ನಿಮಗೆ ಹೊಸದೇನೂ ಅಲ್ಲ. ನಾನು ಹೇಳುವ ಮೈಗ್ರೇಷನ್‌ನಲ್ಲಿ ಹಳೆ ಸರ್ವರ್ ಅಂದರೆ ಕೆಂಪು ಬಟ್ಟೆಯ ರಟ್ಟಿನ ನಾಲ್ಕು ಪುಸ್ತಕ, ಮತ್ತೆ ಮೂವತ್ತು ವರ್ಷದಿಂದ ಅದನ್ನು ಬರೆಯುತ್ತಿರುವ ಒಬ್ಬ ಮೇತಾಜಿ.

ಜಾಗ ಮಾಟುಂಗ. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್‌ನಿಂದ ಕಿಂಗ್ಸ್ ಸರ್ಕಲ್ ಕಡೆಗೆ ನಡೆದರೆ ನಮ್ಮವರ ಅಂಗಡಿ, ಹೋಟೆಲು ಸಾಲಾಗಿ ಸಿಗುತ್ತವಲ್ಲ, ಆ ಕಡೆಯ ಒಂದು ಸಂಸ್ಥೆ. ಹೆಸರು ಬೇಡ. ಹೋಟೆಲುಗಳಿಗೆ ಕಾಫಿ ಪುಡಿ, ಅಕ್ಕಿ, ಬೇಳೆ ಉದ್ರಿಯಲ್ಲಿ ಕೊಡುವವರು. ಲೆಕ್ಕಕ್ಕೆ ಮೂವರು: ಮೇತಾಜಿ, ಬಿಲ್ ಬರೆಯುವ ಹುಡುಗಿ, ಬ್ಯಾಂಕಿಗೆ ಓಡಾಡುವ ಹುಡುಗ. ಏಪ್ರಿಲ್ 1ರಿಂದ ಟ್ಯಾಲಿಗೆ ಹೋಗಬೇಕು, ಕಲಿಸಿ ಅಂತ ನನ್ನನ್ನು ಕರೆದಿದ್ದರು.

ಮೊದಲ ವಾರ ಕಂಪ್ಯೂಟರ್ ಆನ್ ಮಾಡಲಿಲ್ಲ. ಮಾರ್ಚ್ 31ರ ರಾತ್ರಿಗೆ ಯಾರು ಎಷ್ಟು ಕೊಡಬೇಕು, ನಾವು ಯಾರಿಗೆ ಎಷ್ಟು ಕೊಡಬೇಕು ಅನ್ನುವ ಪಟ್ಟಿ ಮಾಡಿದೆವು. ಒಂದು ಹಾಳೆಗೆ ಇಪ್ಪತ್ತೇ ಹೆಸರು, ಪ್ರತಿ ಹಾಳೆಯ ಕೆಳಗೆ ಮೊತ್ತ. ಒಬ್ಬೊಬ್ಬರ ಬಾಕಿಯನ್ನೂ ಬಿಲ್ ಪ್ರಕಾರ ಬಿಡಿಸಿ ಬರೆದೆವು. ಇದೆಲ್ಲ ಯಾಕೆ ಅಂತ ಮೇತಾಜಿಗೆ ಬೇಜಾರು. ಆದರೆ ಈ ಹಾಳೆಯ ಮೊತ್ತ ಮುಂದೆ ಕೆಲಸಕ್ಕೆ ಬಂತು.

ಇನ್ನೊಂದು ಮುಖ್ಯ ಸಂಗತಿ. ನಮ್ಮ ಹಳೆ ವಹಿಯಲ್ಲಿ ಜಮಾ ಎಡಕ್ಕೆ, ನಾವೆ ಬಲಕ್ಕೆ. ಜಮಾ ಅಂದರೆ ಕ್ರೆಡಿಟ್, ನಾವೆ ಅಂದರೆ ಡೆಬಿಟ್. ಸಾಫ್ಟ್‌ವೇರ್ ಇಂಗ್ಲಿಷ್ ಪದ್ಧತಿಯದು, ಅಲ್ಲಿ ಡೆಬಿಟ್ ಎಡಕ್ಕೆ. ಎಡ, ಬಲ ಅಂತ ಕೈಗೆ ಅಭ್ಯಾಸವಾದವರು ಇಲ್ಲಿ ಖಂಡಿತ ಎಡವುತ್ತಾರೆ. ಹಾಗಾಗಿ "ಎಡ, ಬಲ ಅನ್ನಬೇಡಿ ಮಾರಾಯ್ರೆ, ಅವರು ನಮಗೆ ಕೊಡಬೇಕಾ, ನಾವು ಅವರಿಗೆ ಕೊಡಬೇಕಾ, ಅಷ್ಟು ಹೇಳಿ" ಅಂದೆ. ಹಾಳೆಯಲ್ಲೂ ಅದೇ ಮಾತು ಬರೆಸಿದೆವು.

ಆಮೇಲೆ ಹುಡುಗಿ ಆರಂಭದ ಬಾಕಿ ಎಲ್ಲ ಟೈಪ್ ಮಾಡಿದಳು. ಪರದೆಯ ಮೇಲೆ ಒಂದು ಸಾಲು ಬಂತು: `Difference in opening balances`, ₹1,800. ಡೆಬಿಟ್ ಕಡೆ ಅಷ್ಟು ಜಾಸ್ತಿ. ಮೇತಾಜಿ ತಕ್ಷಣ ಹೇಳಿದ್ದು, "ಸಸ್ಪೆನ್ಸ್ ಖಾತೆ ಮಾಡಿ ಹಾಕಿಬಿಡಿ, ಸಣ್ಣ ಮೊತ್ತ." ಇದನ್ನು ಮಾತ್ರ ಮಾಡಬಾರದು. ವ್ಯತ್ಯಾಸದ ಸಾಲು ಮಾಯವಾಗುತ್ತದೆ, ತಪ್ಪು ಮಾತ್ರ ಯಾರದೋ ಖಾತೆಯಲ್ಲಿ ಹಾಗೇ ಕೂತಿರುತ್ತದೆ.

1,800 ಅನ್ನುವ ಸಂಖ್ಯೆಯೇ ಸುಳಿವು ಕೊಡುತ್ತದೆ ನೋಡಿ. ಮೊದಲು, 1,800 ರೂಪಾಯಿಯ ಬಾಕಿ ಯಾವುದಾದರೂ ಬಿಟ್ಟುಹೋಗಿದೆಯಾ? ಇಲ್ಲ. ಅರ್ಧ ಮಾಡಿ: 900. ನಾವು 900 ಕೊಡಬೇಕಾದ ಕಡೆ ಅವರೇ ಕೊಡಬೇಕು ಅಂತ ಬಿದ್ದಿದ್ದರೆ ವ್ಯತ್ಯಾಸ ಎರಡರಷ್ಟು ಆಗುತ್ತದೆ. ಒಂದು ಹೋಟೆಲಿನ 900 ರೂಪಾಯಿ ಮುಂಗಡ ಇತ್ತು, ತೆಗೆದು ನೋಡಿದೆವು, ಸರಿಯಾಗೇ ಇತ್ತು. ಆಮೇಲೆ 9ರಿಂದ ಭಾಗಿಸಿ: 200. ಶೇಷ ಇಲ್ಲದೆ ಹೋದರೆ ಎರಡು ಸಾಧ್ಯತೆ. 200 ಬರೆಯುವಲ್ಲಿ ಒಂದು ಸೊನ್ನೆ ಹೆಚ್ಚಾಗಿ 2,000 ಆಗಿರಬಹುದು. ಇಲ್ಲವಾದರೆ ಅಕ್ಕಪಕ್ಕದ ಅಂಕಿ ಅದಲುಬದಲಾಗಿರಬಹುದು. ಸಾವಿರದ ಅಂಕಿಗೂ ನೂರರ ಅಂಕಿಗೂ ಎರಡರ ಅಂತರ ಇರುವ ಬಾಕಿಗಳನ್ನು ಹುಡುಕಿ ಅಂದೆ.

ಎಲ್ಲ ಹೆಸರನ್ನೂ ನೋಡಬೇಕಾಗಿ ಬರಲಿಲ್ಲ. ಹಾಳೆಯ ಮೊತ್ತ ಹೋಲಿಸಿದಾಗ ಮೂರನೇ ಹಾಳೆಯಲ್ಲೇ 1,800 ಕೂತಿತ್ತು. ಇಪ್ಪತ್ತು ಹೆಸರಲ್ಲಿ ಮೇತಾಜಿಯೇ ಹಿಡಿದರು: ಕಾಗದದಲ್ಲಿ 24,650, ಪರದೆಯಲ್ಲಿ 26,450. ಅವರಿಗೆ ಆ ದಿನ ಬಂದ ಉತ್ಸಾಹ ನೋಡಬೇಕಿತ್ತು.

ವ್ಯತ್ಯಾಸ ಸೊನ್ನೆ ಆಯಿತು. ಕೆಲಸ ಮುಗೀತು ಅಂತ ಎಲ್ಲರೂ ಟೀ ತರಿಸಿದರು. ನನ್ನ ಪ್ರಕಾರ ಅಪಾಯ ಶುರುವಾಗುವುದು ಇಲ್ಲಿಂದ.

ಯಾಕೆ ಅಂತ ಹೇಳ್ತೀನಿ. ಕೈಬರಹದಲ್ಲಿ ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುವಾಗ ಒಂದು ಕಡೆ ತಪ್ಪಿದರೆ ತಿಂಗಳ ಕೊನೆಗೆ ತಾಳೆ ಆಗುವುದಿಲ್ಲ. ಆ ತಾಳೆಯಾಗದ ಕಿರಿಕಿರಿಯೇ ಮೇತಾಜಿಯ ಅಲಾರಂ. ಟ್ಯಾಲಿಯಲ್ಲಿ ಎರಡೂ ಕಡೆ ಸಮ ಇಲ್ಲದ ವೋಚರನ್ನು ಸಾಫ್ಟ್‌ವೇರ್ ತೆಗೆದುಕೊಳ್ಳುವುದೇ ಇಲ್ಲ. ಅಂದರೆ ಲೆಕ್ಕ ಯಾವಾಗಲೂ ತಾಳೆಯಾಗಿಯೇ ಇರುತ್ತದೆ, ತಪ್ಪಿದ್ದರೂ! ಹಳೆ ಅಲಾರಂ ಬಂದ್ ಆಯಿತು, ಹೊಸದನ್ನು ನಾವೇ ಕೂರಿಸಬೇಕು.

ನಮ್ಮಲ್ಲಿ ಆದದ್ದು ಇದು. ಒಂದೇ ಹೆಸರಿನ ಎರಡು ಹೋಟೆಲು, ಒಂದು ಮಾಟುಂಗದಲ್ಲಿ, ಒಂದು ಸಯನ್‌ನಲ್ಲಿ. ಒಬ್ಬರ ಬಾಕಿ 18,200, ಇನ್ನೊಬ್ಬರದು 11,750. ಎರಡೂ ಅದಲುಬದಲಾಗಿತ್ತು. ಹಾಳೆಯ ಮೊತ್ತ ಸರಿ, ಒಟ್ಟು ಸರಿ, ವ್ಯತ್ಯಾಸ ಸೊನ್ನೆ. ಸಿಕ್ಕಿದ್ದು ಹೇಗೆ? ಪ್ರತಿ ಗಿರಾಕಿಗೂ "ನಮ್ಮ ಲೆಕ್ಕದಲ್ಲಿ ನಿಮ್ಮ ಬಾಕಿ ಇಷ್ಟು, ಸರಿಯಿದ್ದರೆ ಸಹಿ ಮಾಡಿ" ಅಂತ ಚೀಟಿ ಕಳಿಸಿದ್ದೆವು. ಸಯನ್‌ನವರು ಫೋನ್ ಮಾಡಿ ಬೈದರು. ಒಳಗಿನ ಯಾವ ಕೂಡುವಿಕೆಯೂ ಹಿಡಿಯದ ತಪ್ಪನ್ನು ಹೊರಗಿನವರ ಲೆಕ್ಕ ಹಿಡಿಯಿತು.

ಇದಕ್ಕೆ ಒಂದು ಹಿನ್ನೆಲೆ ಇದೆ. ಟ್ಯಾಲಿ ನಮ್ಮ ಬೆಂಗಳೂರಿನದೇ, 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಶುರು ಮಾಡಿದ್ದು. ಖಾತೆಗಳಿಗೆ ನಂಬರಿನ ಕೋಡ್ ಬೇಡ, ಹೆಸರೇ ಸಾಕು ಅನ್ನುವುದು ಅದರ ದೊಡ್ಡ ಅನುಕೂಲ. ಆದರೆ ನಾಲ್ಕು ಅಕ್ಷರ ಒತ್ತಿ ಎಂಟರ್ ಹೊಡೆದರೆ ಪಟ್ಟಿಯಲ್ಲಿ ಮೇಲಿದ್ದ ಹೆಸರು ಬೀಳುತ್ತದೆ. ಉಡುಪಿ ಹೋಟೆಲುಗಳ ಹೆಸರು ಗೊತ್ತಲ್ಲ, ಅರ್ಧಕ್ಕರ್ಧ `Shri`ಯಿಂದಲೇ ಶುರು.

ನಾವು ಮಾಡಿದ್ದು ಎರಡು ಕೆಲಸ. ಹೆಸರಿನ ಮುಂದೆ ಊರು ಹಾಕಿದೆವು: ಮೊದಲು `Sion`, ಆಮೇಲೆ ಹೋಟೆಲು. ಜೊತೆಗೆ ಲೆಡ್ಜರಿನ `Alias` ಜಾಗದಲ್ಲಿ ಹಳೆ ಖಾತೆ ಪುಸ್ತಕದ ಪುಟ ಸಂಖ್ಯೆ ಹಾಕಿದೆವು. ಮೇತಾಜಿಗೆ ಯಾರ ಖಾತೆ ಯಾವ ಪುಟದಲ್ಲಿದೆ ಅಂತ ಬಾಯಿಪಾಠ. 47 ಅಂತ ಒತ್ತಿದರೆ ಸರಿಯಾದ ಖಾತೆ ಬರುತ್ತದೆ. ಕಂಪ್ಯೂಟರಿಗೆ ಹೆದರುತ್ತಿದ್ದ ಮನುಷ್ಯ ಅವತ್ತಿನಿಂದ ಹುಡುಗಿಗಿಂತ ವೇಗ.

ಏಪ್ರಿಲ್ ಪೂರ್ತಿ ಪುಸ್ತಕ, ಟ್ಯಾಲಿ ಎರಡೂ ನಡೆಸಿದೆವು. ಸಂಜೆ ಮೂರೇ ಸಂಖ್ಯೆ ಹೋಲಿಸುವುದು: ಕೈಯಲ್ಲಿರುವ ನಗದು, ಬ್ಯಾಂಕ್, ಒಟ್ಟು ಬರಬೇಕಾದ ಬಾಕಿ. ಪುಸ್ತಕ ಮೇತಾಜಿ ಬರೆಯಬೇಕು, ಟ್ಯಾಲಿ ಹುಡುಗಿ ಮಾಡಬೇಕು, ಇಬ್ಬರೂ ಬಿಲ್ಲು ನೋಡಿಯೇ.

ಮೂರನೇ ವಾರಕ್ಕೆ ವ್ಯತ್ಯಾಸ ಬರುವುದು ಪೂರ್ತಿ ನಿಂತಿತು. ನನಗೆ ಅನುಮಾನ ಬಂತು. ಪುಸ್ತಕ ತೆರೆದರೆ ಎಷ್ಟು ಚೆಂದದ ಅಕ್ಷರ, ಒಂದು ಚಿತ್ತೂ ಇಲ್ಲ! ಮೊದಲ ಎರಡು ವಾರದಲ್ಲಿ ಪುಟಕ್ಕೆ ಎರಡಾದರೂ ಹೊಡೆದು ಬರೆದದ್ದು ಇತ್ತು. ಮೇತಾಜಿ ಪರದೆ ನೋಡಿ ಪುಸ್ತಕ ತುಂಬುತ್ತಿದ್ದರು. ತಪ್ಪು ಅನ್ನಲಾರೆ, ಎರಡೆರಡು ಸಲ ಬರೆದು ಬರೆದು ಅವರಿಗೂ ಸುಸ್ತು. ಆದರೆ ಆ ಕ್ಷಣದಿಂದ ಎರಡು ಲೆಕ್ಕ ಇಲ್ಲ, ಒಂದೇ ಲೆಕ್ಕದ ಎರಡು ಪ್ರತಿ ಅಷ್ಟೆ. ಹಾಗಾಗಿ ಜೋಡಿ ಲೆಕ್ಕವನ್ನು ತಿಂಗಳಿಗಿಂತ ಉದ್ದ ಎಳೆಯಬಾರದು ಅಂತ ನನ್ನ ಅಭಿಪ್ರಾಯ. ಬೆಳಿಗ್ಗೆ ಬಿಲ್ಲಿನ ಕಟ್ಟು ಮೇತಾಜಿ ಮೇಜಿಗೆ, ಮಧ್ಯಾಹ್ನ ಹುಡುಗಿ ಮೇಜಿಗೆ ಅಂತ ಬದಲಿಸಿದೆವು. ಮರುದಿನವೇ ವ್ಯತ್ಯಾಸ ಬಂತು, ನನಗೆ ಸಮಾಧಾನ ಆಯಿತು.

ಮೇ ತಿಂಗಳಿಂದ ಖಾತೆ ಪುಸ್ತಕ ಕಪಾಟಿಗೆ ಹೋಯಿತು. ಉಳಿದದ್ದು ಹೊರಗಿನ ಸಾಕ್ಷಿಗಳು. ದಿನಾ ಸಂಜೆ ನೋಟು ಎಣಿಸಿ ಪರದೆಯ ನಗದಿಗೆ ಹೋಲಿಸುವುದು, ಎಣಿಸುವವರಿಗೆ ಪರದೆ ತೋರಿಸದೆ. ವಾರಕ್ಕೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆ ನೋಡುವುದು, ಅದು ಓಡಾಡುವ ಹುಡುಗನ ಕೆಲಸ. ಮೂರು ತಿಂಗಳಿಗೊಮ್ಮೆ ಗಿರಾಕಿಗಳಿಗೆ ಸಹಿ ಚೀಟಿ. ಹಣ ಬಂದಾಗ ಯಾವ ಬಿಲ್ಲಿಗೆ ಅಂತ ಕೇಳಿ `Agst Ref` ಹಾಕಬೇಕು, ಗೊತ್ತಿಲ್ಲದಿದ್ದರೆ `On Account`. ಶನಿವಾರ ಮೇತಾಜಿ ಆ `On Account` ಪಟ್ಟಿ ಹಿಡಿದು ಒಂದೊಂದು ಹೋಟೆಲಿಗೂ ಫೋನ್ ಮಾಡುತ್ತಾರೆ. ಮೊದಲ ಶನಿವಾರ ಹನ್ನೊಂದು ಹೆಸರಿತ್ತು, ನಾನು ಕೊನೆಯ ಸಲ ಹೋದಾಗ ಎರಡು ಉಳಿದಿತ್ತು.