ಖೋ-ಖೋ ತಂಡಕ್ಕೆ ಹೇಳಿದ ಮಾತು



ನಾಳೆ ಹಿಂದೂಪುರದಲ್ಲಿ ಮೊದಲ ಬಾರಿಗೆ ಅನ್ಯ ಶಾಲೆಗಳೆದುರು ಅಂಕಣಕ್ಕಿಳಿಯುವಿರಿ. ನಿಮ್ಮ ಓಟದ ಬಗ್ಗೆ ನನಗೆ ಚಿಂತೆಯಿಲ್ಲ; ಚಿಂತೆಯೆಲ್ಲ ನೀವು ಕುಳಿತಿರುವ ಹೊತ್ತಿನದು. ಎಂಟು ಚೌಕಗಳಲ್ಲಿ ಎಂಟು ಮಂದಿ, ಪಕ್ಕದವಳಿಗೆ ವಿರುದ್ಧ ದಿಕ್ಕಿಗೆ ಮುಖಮಾಡಿ ಕುಳಿತಿರುತ್ತೀರಿ, ಒಂಬತ್ತನೆಯವಳು ಅಟ್ಟುತ್ತಾಳೆ. ಅವಳ ಕೈ ಬೆನ್ನಿಗೆ ತಾಗಿ ‘ಖೋ’ ಎಂಬ ದನಿ ಕೇಳುವ ಮುನ್ನವೇ ಎದ್ದಿರೋ, ತೀರ್ಪುಗಾರರ ಸೀಟಿ ಮೊಳಗುತ್ತದೆ. ಅಟ್ಟುವವಳು ಹಿಮ್ಮುಖವಾಗಿ ತಿರುಗಬೇಕಾಗುತ್ತದೆ. ಕೈಗೆಟುಕಲಿದ್ದ ಹುಡುಗಿ ಅಷ್ಟರಲ್ಲಿ ದೂರ ಸರಿದಿರುತ್ತಾಳೆ. ನಿನ್ನೆಯ ಅಭ್ಯಾಸದಲ್ಲಿ ಮೂವರಲ್ಲಿ ಕೊನೆಯವಳು ಉಳಿದುಕೊಂಡದ್ದು ಹೀಗೆಯೇ ಅಲ್ಲವೇ?

2025ರ ಜನವರಿಯಲ್ಲಿ ದೆಹಲಿಯಲ್ಲಿ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಚೈತ್ರಾ, ಮೈಸೂರು ಸೀಮೆಯ ಕುರುಬೂರೆಂಬ ಹಳ್ಳಿಯವರು. ನಮ್ಮಂಥದೇ ಊರು.

ಕಣ್ಣು ಓಟಗಾರ್ತಿಯ ಮೇಲಿರಲಿ, ಕಿವಿ ಬೆನ್ನ ಹಿಂದಿರಲಿ. ಬಸ್ಸು ಬೆಳಗ್ಗೆ ಆರಕ್ಕೆ ಹೊರಡುತ್ತದೆ.